ಅರ್ಲಿ ಆಕ್ಸೆಸ್ ಗೇಮ್ ಕೊಳ್ಳುವ ಮುನ್ನ: ಐದು ತಿಂಗಳ ಮೌನವನ್ನು ಹೇಗೆ ಓದಬೇಕು?

ಕೇಳಿದವರು (ಒಂಟಿದೀಪ): ಸ್ಟೀಮ್‌ನಲ್ಲಿ ಎರಡು ವರ್ಷದಿಂದ ಅರ್ಲಿ ಆಕ್ಸೆಸ್‌ನಲ್ಲಿರುವ, ನಾಲ್ಕು ಜನರ ತಂಡವೊಂದು ಮಾಡುತ್ತಿರುವ ವಸಾಹತು ಕಟ್ಟುವ ಗೇಮ್‌ಗೆ ಈಗ ಶೇಕಡಾ 40 ರಿಯಾಯಿತಿ ಇದೆ. ಕೊನೆಯ ಅಪ್‌ಡೇಟ್ ಬಂದು ಐದು ತಿಂಗಳಾಗಿದೆ. ಗೆಳೆಯನ ಜೊತೆ ಆಡಬೇಕೆಂಬುದು ನನ್ನ ಆಸೆ. ಮಲ್ಟಿಪ್ಲೇಯರ್ ರೋಡ್‌ಮ್ಯಾಪ್‌ನಲ್ಲಿದೆ, ಗೇಮ್‌ನಲ್ಲಿ ಇನ್ನೂ ಇಲ್ಲ. ಹಣ ಕೊಡುವ ಮೊದಲು ಏನು ನೋಡಬೇಕು?

ಮರದನೆರಳು: ಇಷ್ಟು ಯೋಚಿಸುವ ಅಗತ್ಯವಿಲ್ಲ ಎಂದು ನನಗೆ ತೋರುತ್ತದೆ. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣವನ್ನು ಹಿಂದಿರುಗಿಸುತ್ತದೆ. ಅರ್ಲಿ ಆಕ್ಸೆಸ್ ಗೇಮ್‌ಗಳ ವಿಷಯದಲ್ಲಿ ಪೂರ್ಣ ಆವೃತ್ತಿ ಬರುವವರೆಗೂ ಈ ಅವಕಾಶ ತೆರೆದಿರುತ್ತದೆ. ರಿಯಾಯಿತಿಯಲ್ಲಿ ಕೊಂಡು ಇಟ್ಟುಕೊಳ್ಳಿ, ಮಲ್ಟಿಪ್ಲೇಯರ್ ಬಂದ ಮೇಲೆ ಆಡಿ ನೋಡಿ.

ಏಳನೇ ಮಜಲು: ದುಬಾರಿ ಆವೃತ್ತಿ ಕೊಂಡವರಿಗೆ ಬಿಡುಗಡೆಗೆ ಮೂರು ದಿನ ಮೊದಲೇ ಆಡಲು ಬಿಡುತ್ತಾರಲ್ಲ, ಅದಕ್ಕೆ ಹಣ ಕೊಡುವುದು ವ್ಯರ್ಥ. ಮೂರು ದಿನ ಕಾಯುವುದು ಯಾರಿಗೂ ಕಷ್ಟವಲ್ಲ.

ಹಳೇಕೀಲಿ: ಏಳನೇ ಮಜಲು ಅವರೇ, ನೀವು ಹೇಳುತ್ತಿರುವುದು ಮುಗಿದ ಗೇಮ್ ಅನ್ನು ಕೆಲವು ದಿನ ಮುಂಚಿತವಾಗಿ ಕೊಡುವ ಅಡ್ವಾನ್ಸ್ಡ್ ಆಕ್ಸೆಸ್ ಕುರಿತು. ಇಲ್ಲಿ ಕೇಳಿರುವುದು ಇನ್ನೂ ಕಟ್ಟುತ್ತಿರುವ ಗೇಮ್‌ನ ವಿಷಯ. ಮರದನೆರಳು ಅವರು ಎರಡು ಗಂಟೆಯ ವಿಷಯದಲ್ಲಿ ಸರಿ, ಉಳಿದರ್ಧದಲ್ಲಿ ತಪ್ಪಿದ್ದಾರೆ. ಖರೀದಿಯ ದಿನದಿಂದ 14 ದಿನಗಳೊಳಗೆ ಕೇಳಬೇಕೆಂಬ ನಿಯಮ ಅರ್ಲಿ ಆಕ್ಸೆಸ್ ಗೇಮ್‌ಗೂ ಅನ್ವಯಿಸುತ್ತದೆ. ಕೊಂಡು ಇಟ್ಟುಕೊಂಡರೆ, ಒಂದು ನಿಮಿಷವೂ ಆಡದೆ ಆ ಅವಕಾಶ ಕೈತಪ್ಪುತ್ತದೆ. ಮೆನುವಿನಲ್ಲಿ ನಿಲ್ಲಿಸಿ ಎದ್ದು ಹೋದ ಸಮಯವೂ ಎರಡು ಗಂಟೆಯ ಲೆಕ್ಕಕ್ಕೆ ಸೇರುತ್ತದೆ.

ಐದು ತಿಂಗಳ ಮೌನ ಒಂದೇ ಏನನ್ನೂ ಸಾಬೀತುಪಡಿಸುವುದಿಲ್ಲ. ಸಣ್ಣ ತಂಡವೊಂದು ದೊಡ್ಡ ಅಪ್‌ಡೇಟ್ ಕಟ್ಟುತ್ತಿರುವಾಗ ಅಷ್ಟು ಸಮಯ ಹಿಡಿಯುವುದುಂಟು. ಬಹಳ ಕಾಲ ಅಪ್‌ಡೇಟ್ ಆಗದ ಅರ್ಲಿ ಆಕ್ಸೆಸ್ ಗೇಮ್‌ಗಳ ಪುಟದಲ್ಲಿ 2025ರಿಂದ ಸ್ಟೀಮ್ ತಾನೇ ಎಚ್ಚರಿಕೆ ತೋರಿಸುತ್ತಿದೆಯಾದರೂ ಅದಕ್ಕೆ ಒಂದು ವರ್ಷ ಮೀರಿರಬೇಕು. ಆದ್ದರಿಂದ ನಿಮ್ಮ ಗೇಮ್‌ನ ಪುಟದಲ್ಲಿ ಅದು ಕಾಣಿಸದಿರುವುದನ್ನು ಶುಭಸೂಚನೆ ಎಂದುಕೊಳ್ಳಬೇಡಿ. ಅದರ ಬದಲು ಕಳೆದ ಒಂದು ವರ್ಷದ ಪ್ರಕಟಣೆಗಳನ್ನು ಒಂದೊಂದಾಗಿ ತೆರೆದು, ಆಡುವವನ ಕೈಗೆ ಹೊಸದೇನಾದರೂ ಕೊಟ್ಟದ್ದು, ದೋಷ ತಿದ್ದಿದ್ದು, ಬರೀ ಮಾತು ಅಥವಾ ರಿಯಾಯಿತಿಯ ಜಾಹೀರಾತು ಎಂದು ವಿಂಗಡಿಸಿ. ಮೊದಲ ಬಗೆಯವು ಕಡಿಮೆಯಾಗುತ್ತ, ಮೂರನೆಯ ಬಗೆಯವು ಹೆಚ್ಚುತ್ತ ಹೋಗಿದ್ದರೆ ನಾನು ಹಿಂದೆ ಸರಿಯುತ್ತೇನೆ. ಗೇಮ್‌ನ ಫೈಲ್‌ಗಳು ಯಾವ ದಿನ ಬದಲಾದವು ಎಂಬುದನ್ನು `steamdb.info` ತೋರಿಸುತ್ತದೆ. ಪ್ರಕಟಣೆ ಇಲ್ಲದಿದ್ದರೂ ಅಲ್ಲಿ ಚಲನೆ ಇದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆದರೆ ಚಲನೆ ಇಲ್ಲದ ಮಾತ್ರಕ್ಕೆ ಕೆಲಸ ನಿಂತಿದೆ ಎನ್ನಲಾಗದು, ಏಕೆಂದರೆ ಅವರು ತಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಕಟ್ಟುತ್ತಿರಬಹುದು.

ದೊಡ್ಡ ಹೆಸರನ್ನೂ ನಂಬಬೇಡಿ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ 2 ಅರ್ಲಿ ಆಕ್ಸೆಸ್‌ಗೆ ಬಂದದ್ದು 2023ರ ಫೆಬ್ರುವರಿಯಲ್ಲಿ, ಸುಮಾರು 50 ಡಾಲರ್ ಬೆಲೆಗೆ. ಮೊದಲ ಗೇಮ್‌ನಲ್ಲಿದ್ದ ವಿಜ್ಞಾನದ ಆಟವಾಗಲಿ, ವಾತಾವರಣಕ್ಕೆ ಮರಳುವಾಗಿನ ಕಾವಾಗಲಿ ಆ ದಿನ ಅದರಲ್ಲಿ ಇರಲಿಲ್ಲ. ರೋಡ್‌ಮ್ಯಾಪ್‌ನಲ್ಲಿ ವಿಜ್ಞಾನ, ವಸಾಹತು, ಅಂತರತಾರಾ ಪ್ರಯಾಣ, ಮಲ್ಟಿಪ್ಲೇಯರ್ ಎಲ್ಲವೂ ಸಾಲಾಗಿದ್ದವು, ಆದರೆ ದಿನಾಂಕಗಳಿರಲಿಲ್ಲ. ವಿಜ್ಞಾನ ಅದೇ ಡಿಸೆಂಬರ್‌ನಲ್ಲಿ ಬಂತು. 2024ರ ಮಧ್ಯದಲ್ಲಿ ಸ್ಟುಡಿಯೋ ಮುಚ್ಚಿತು, ಉಳಿದವು ಬರಲೇ ಇಲ್ಲ. ಮೊದಲ ದಿನದ ಪುಟವನ್ನು ನಿಧಾನವಾಗಿ ಓದಿದವರಿಗೆ, ಹಳೆಯ ಗೇಮ್‌ಗಿಂತ ಕಡಿಮೆ ಇರುವುದಕ್ಕೆ ಹೆಚ್ಚು ಬೆಲೆ ಕೇಳುತ್ತಿದ್ದಾರೆ ಎಂಬುದು ಅಂದೇ ಕಾಣುತ್ತಿತ್ತು.

ಇನ್ನು ಮಲ್ಟಿಪ್ಲೇಯರ್. ವಸಾಹತು ಗೇಮ್‌ನಲ್ಲಿ ನೂರಾರು ಜನ ತಮ್ಮಷ್ಟಕ್ಕೆ ನಡೆಯುತ್ತಾರೆ, ಹೊರುತ್ತಾರೆ, ಹಸಿಯುತ್ತಾರೆ. ಎರಡು ಕಂಪ್ಯೂಟರುಗಳಲ್ಲಿ ಅದೆಲ್ಲವೂ ಪ್ರತಿ ಕ್ಷಣ ಒಂದೇ ರೀತಿ ನಡೆಯಬೇಕಾದರೆ, ಗೇಮ್‌ನ ಅಡಿಪಾಯವನ್ನೇ ಆ ಲೆಕ್ಕದಲ್ಲಿ ಹಾಕಿರಬೇಕು. ಎರಡು ವರ್ಷದ ನಂತರ ಅದನ್ನು ಸೇರಿಸುವುದೆಂದರೆ ಬಹುಭಾಗವನ್ನು ಮತ್ತೆ ಬರೆದಂತೆ. ನಾಲ್ಕು ಜನರ ತಂಡ ಪರೀಕ್ಷೆಯ ಆವೃತ್ತಿಯಲ್ಲಾದರೂ ಅದನ್ನು ತೋರಿಸುವವರೆಗೆ, ಅದು ಬರುವುದಿಲ್ಲ ಎಂದುಕೊಂಡೇ ಬೆಲೆ ಕಟ್ಟಿ.

ಮರದನೆರಳು: 14 ದಿನದ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ಮಲ್ಟಿಪ್ಲೇಯರ್ ಬರುವುದೇ ಇಲ್ಲ ಎನ್ನುವುದು ಅತಿಯಾಯಿತು. ಸ್ಟಾರ್‌ಡ್ಯೂ ವ್ಯಾಲಿ ಬಿಡುಗಡೆಯಾದದ್ದು 2016ರಲ್ಲಿ, ಅದಕ್ಕೆ ಮಲ್ಟಿಪ್ಲೇಯರ್ ಬಂದದ್ದು 2018ರಲ್ಲಿ.

ಹಳೇಕೀಲಿ: ನಿಜ. ಆದರೆ ಅದು ಮುಗಿದ ಗೇಮ್ ಆಗಿ, ಚೆನ್ನಾಗಿ ಮಾರಾಟವಾದ ಮೇಲೆ ನಡೆದ ಕೆಲಸ. ಹಣದ ಒತ್ತಡವಿಲ್ಲದೆ ಎರಡು ವರ್ಷ ದುಡಿಯಲು ಸಾಧ್ಯವಿತ್ತು. ರಿಯಾಯಿತಿಯ ಮಾರಾಟದಿಂದಲೇ ಮುಂದಿನ ತಿಂಗಳ ಸಂಬಳ ಹುಟ್ಟಬೇಕಾದ ತಂಡಕ್ಕೆ ಆ ಉದಾಹರಣೆ ಒಪ್ಪುತ್ತದೆಯೇ ಎಂಬುದು ನನ್ನ ಅನುಮಾನ.

ಇಳಿಸಂಜೆ: ನನ್ನದು ಬೇರೆ ಕಥೆ. ಹೆಸರು ಬೇಡ, ನಾನು ಕೊಂಡ ಗೇಮ್‌ಗೆ ಪ್ರತಿ ತಿಂಗಳೂ ತಪ್ಪದೆ ಅಪ್‌ಡೇಟ್ ಬರುತ್ತಿತ್ತು. ತೊಂಬತ್ತು ಗಂಟೆ ಆಡಿ ಕಟ್ಟಿದ ಊರು ಒಂದು ರಾತ್ರಿಯ ಅಪ್‌ಡೇಟ್ ನಂತರ ತೆರೆಯಲೇ ಇಲ್ಲ. ಪಟ್ಟಿಯಲ್ಲಿ ಸೇವ್ ಫೈಲ್‌ನ ಹೆಸರು ಬೂದು ಬಣ್ಣದಲ್ಲಿ ಕಾಣುತ್ತಿತ್ತು, ಪಕ್ಕದಲ್ಲಿ ಹಳೆಯ ಆವೃತ್ತಿಯ ಸಂಖ್ಯೆ. ಹಳೆಯ ಸೇವ್‌ಗಳು ನಡೆಯುವುದಿಲ್ಲ ಎಂಬುದನ್ನು ಪ್ಯಾಚ್ ಟಿಪ್ಪಣಿಯ ಕೊನೆಯ ಸಾಲಿನಲ್ಲಿ ಹೇಳಿದ್ದರು. ಹಾಗಾಗಿ ಅಪ್‌ಡೇಟ್ ಎಷ್ಟು ಬೇಗ ಬರುತ್ತದೆ ಎನ್ನುವುದಕ್ಕಿಂತ, ದೊಡ್ಡ ಅಪ್‌ಡೇಟ್ ಬಂದಾಗ ಹಳೆಯ ಆವೃತ್ತಿಯನ್ನು ಪ್ರತ್ಯೇಕ ಶಾಖೆಯಾಗಿ ಉಳಿಸುತ್ತಾರೆಯೇ ಎಂಬುದನ್ನು ನಾನು ಈಗ ನೋಡುತ್ತೇನೆ.

ಹಳೇಕೀಲಿ: ಇಳಿಸಂಜೆಯವರ ಮಾತಿನಿಂದ ನೆನಪಾಯಿತು. ವಸಾಹತು ಗೇಮ್‌ಗಳ ಮೊದಲ ಎರಡು ಗಂಟೆ ಯಾವಾಗಲೂ ಸೊಗಸಾಗಿರುತ್ತದೆ, ಏಕೆಂದರೆ ಡೆವಲಪರ್‌ಗಳು ಹೆಚ್ಚು ತಿದ್ದಿದ ಭಾಗವೇ ಅದು. ತೊಂದರೆ ಶುರುವಾಗುವುದು ಜನಸಂಖ್ಯೆ ನೂರು ದಾಟಿದಾಗ: ಆಟ ತಡವರಿಸುತ್ತದೆ, ಹೊರೆಯಾಳುಗಳು ದಾರಿ ಕಾಣದೆ ನಿಂತುಬಿಡುತ್ತಾರೆ, ಮಾಡಲು ಹೊಸದೇನೂ ಉಳಿದಿರುವುದಿಲ್ಲ. ಇದನ್ನು ರೀಫಂಡ್ ಅವಧಿಯೊಳಗೆ ನೋಡುವ ಉಪಾಯವೆಂದರೆ, ಬೇರೆ ಆಟಗಾರರು ಹಂಚಿಕೊಂಡ ದೊಡ್ಡ ಸೇವ್ ಫೈಲ್ ಒಂದನ್ನು ಮೊದಲೇ ಹುಡುಕಿಟ್ಟುಕೊಂಡು, ಕೊಂಡ ದಿನವೇ ಅದನ್ನು ತೆರೆದು ಇಪ್ಪತ್ತು ನಿಮಿಷ ಓಡಿಸುವುದು. ಅಂಥ ಫೈಲ್ ಸಿಗದಿದ್ದರೆ, ಐವತ್ತು ಗಂಟೆಗೂ ಹೆಚ್ಚು ಆಡಿದವರು ಕಳೆದ ಮೂರು ತಿಂಗಳಲ್ಲಿ ಬರೆದ ರಿವ್ಯೂಗಳನ್ನಷ್ಟೇ ಓದಿ. ಒಟ್ಟು ರಿವ್ಯೂಗಳ ಅಂಕಿಯಲ್ಲಿ ಎರಡು ವರ್ಷದ ಹಿಂದಿನ ಉತ್ಸಾಹವೂ ಬೆರೆತಿರುತ್ತದೆ.

ಒಂಟಿದೀಪ: ಹೇಳಿದಂತೆ ಕುಳಿತು ಎಣಿಸಿದೆ. ಕಳೆದ ವರ್ಷದ ಹನ್ನೊಂದು ಪ್ರಕಟಣೆಗಳಲ್ಲಿ ಗೇಮ್‌ಗೆ ಹೊಸದನ್ನು ಕೊಟ್ಟವು ಎರಡು, ದೋಷ ತಿದ್ದಿದವು ನಾಲ್ಕು, ಉಳಿದ ಐದು ರಿಯಾಯಿತಿ ಮತ್ತು ಮಾತು. ಚರ್ಚೆಯ ಪುಟದಲ್ಲಿ ಡೆವಲಪರ್ ಒಬ್ಬರು ಮಲ್ಟಿಪ್ಲೇಯರ್ ಅನ್ನು ಪೂರ್ಣ ಬಿಡುಗಡೆಯ ನಂತರ ಪರಿಶೀಲಿಸುವುದಾಗಿ ಉತ್ತರಿಸಿದ್ದಾರೆ, ರೋಡ್‌ಮ್ಯಾಪ್ ಚಿತ್ರವನ್ನು ಮಾತ್ರ ಬದಲಿಸಿಲ್ಲ. ಗೆಳೆಯನಿಗೆ ಬೇಡವೆಂದು ಹೇಳಿದ್ದೇನೆ. ನನಗೆ 130 ಜನರ ಊರಿನ ಸೇವ್ ಫೈಲ್ ಒಂದು ಸಿಕ್ಕಿದೆ, ಶನಿವಾರ ಕೊಂಡು ಓಡಿಸಿ ನೋಡುತ್ತೇನೆ.

ಇಳಿಸಂಜೆ: ಆ ಫೈಲ್ ಯಾವ ಆವೃತ್ತಿಯದು ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ.