‘ನನ್ನ ಕೈಗುಣವೇ ಸರಿಯಿಲ್ಲ’ ಎನ್ನುವವರಿಗೆ ಏನು ಹೇಳುವುದು?

ಪ್ರಶ್ನೆ: ಶಿಡ್ಲಘಟ್ಟ ತಾಲೂಕಿನ ಸದಸ್ಯೆ

ಮೇಡಂ, ನಮ್ಮದು ರೇಷ್ಮೆ ಸಾಕುವ ಮನೆ. ಹೋದ ತಿಂಗಳು ನೂರು ಮೊಟ್ಟೆಯ ಬೆಳೆ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹಾಲುತೊಂಡೆ ರೋಗಕ್ಕೆ ಸಿಕ್ಕಿ ಮುಕ್ಕಾಲು ಭಾಗ ತಿಪ್ಪೆ ಸೇರಿತು. ಅಂದಿನಿಂದ ನಮ್ಮ ಯಜಮಾನರು, “ನನ್ನ ಕೈಗುಣವೇ ಸರಿಯಿಲ್ಲ, ನಾನು ಮುಟ್ಟಿದ್ದು ಯಾವುದೂ ಉದ್ಧಾರವಾಗುವುದಿಲ್ಲ” ಎನ್ನುತ್ತಾರೆ. ಮಗಳ ಕಾಲೇಜಿನ ಮಾತೆತ್ತಿದರೂ ಅದೇ ಉತ್ತರ. “ಎಲ್ಲ ಒಳ್ಳೆಯದಾಗುತ್ತದೆ ಅಂದುಕೊಳ್ಳಿ” ಎಂದರೆ ಸಿಡುಕುತ್ತಾರೆ. ನಾನು ಇನ್ನೇನು ಹೇಳಲಿ?

ಉತ್ತರ: ಆಪ್ತಸಮಾಲೋಚಕಿ, ಚಿಕ್ಕಬಳ್ಳಾಪುರ

ಅವರು ಸಿಡುಕುವುದು ಸಹಜ. ಮುಕ್ಕಾಲು ಬೆಳೆ ಕಣ್ಣೆದುರೇ ಸತ್ತಿರುವಾಗ ‘ಒಳ್ಳೆಯದಾಗುತ್ತದೆ’ ಎಂಬುದಕ್ಕೆ ಆಧಾರವೆಲ್ಲಿದೆ? ಆ ಮಾತನ್ನು ಬಿಟ್ಟುಬಿಡಿ. ಅವರ ವಾಕ್ಯವನ್ನೇ ಹಿಡಿದು ನೋಡೋಣ.

‘ಕೈಗುಣ’ ಎಂದರೆ ನಾಳೆಗೂ ಬದಲಾಗದ್ದು. ‘ಯಾವುದೂ’ ಎಂದರೆ ಹುಳು ಮನೆಯ ನಷ್ಟ ಮಗಳ ಓದಿನವರೆಗೂ ಹರಡಿತು. ‘ನನ್ನ’ ಎಂದರೆ ತಪ್ಪೆಲ್ಲ ತನ್ನದೇ. ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಕೆಟ್ಟ ಘಟನೆಗೆ ಜನ ಕೊಟ್ಟುಕೊಳ್ಳುವ ಕಾರಣಗಳನ್ನು ಅಳೆದದ್ದು ಈ ಮೂರು ಬದಿಗಳಿಂದಲೇ: ಇದು ಎಷ್ಟು ಕಾಲ ಇರುತ್ತದೆ, ಎಲ್ಲೆಲ್ಲಿಗೆ ಹರಡುತ್ತದೆ, ಯಾರಿಂದಾಯಿತು. ನಿಮ್ಮ ಯಜಮಾನರ ಒಂದೇ ವಾಕ್ಯದಲ್ಲಿ ಮೂರೂ ಕೆಟ್ಟ ಕಡೆಗೇ ವಾಲಿವೆ. ನನ್ನ ಅನುಭವದಲ್ಲಿ ಹೆಚ್ಚು ಕಾಡುವುದು ಮೊದಲಿನ ಎರಡು.

ಹಾಗಾಗಿ ಸಮಾಧಾನ ಹೇಳಬೇಡಿ, ಲೆಕ್ಕ ಕೇಳಿ. ಗೂಡಿನ ಮಾರುಕಟ್ಟೆಯ ಹಳೆಯ ಚೀಟಿಗಳಿರುತ್ತವಲ್ಲ, ಅವನ್ನು ಅವರ ಕೈಯಲ್ಲೇ ತೆಗೆಸಿ. ಎರಡು ವರ್ಷದಲ್ಲಿ ಎಷ್ಟು ಬೆಳೆ ಇಟ್ಟರು, ಎಷ್ಟು ಕೈಗೆ ಬಂದವು, ಹೋದವು ಯಾವ ತಿಂಗಳಲ್ಲಿ ಹೋದವು? ನೀವು ವಾದ ಮಾಡಬೇಡಿ. ಎಣಿಸುವವರು ಅವರೇ ಆಗಿರಬೇಕು. ಬೇರೆಯವರು ಸುಳ್ಳಾರೋಪ ಹೊರಿಸಿದರೆ ನಾವು ಎದುರುತ್ತರ ಕೊಡುತ್ತೇವೆ. ನಮ್ಮ ಮೇಲೆ ನಾವೇ ಹೊರಿಸಿಕೊಂಡದ್ದನ್ನು ಮಾತ್ರ ಸಾಕ್ಷಿಯಿಲ್ಲದೆ ಒಪ್ಪಿಕೊಳ್ಳುತ್ತೇವೆ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮಿಕ್ಕಿ ನಿದ್ದೆ, ಊಟ ಕೆಟ್ಟಿದ್ದರೆ, ಸಾವಿನ ಮಾತು ಬಂದಿದ್ದರೆ ಇದು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ವೈದ್ಯರ ಬಳಿಗೆ ಕರೆದೊಯ್ಯಿರಿ. ಮನೆಯಲ್ಲಿರುವ ಕೀಟನಾಶಕವನ್ನು ಅವರ ಕೈಗೆ ಸಿಗದಂತೆ ಇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ನಿವೃತ್ತ ಶಿಕ್ಷಕರು, ಗೌರಿಬಿದನೂರು

ನಾನೂ ಇದನ್ನು ತರಬೇತಿಯೊಂದರಲ್ಲಿ ಕೇಳಿದ್ದೇನೆ. ಸೂತ್ರ ಸುಲಭ: ಸೋಲಿಗೆ ತನ್ನನ್ನು ದೂರಿಕೊಳ್ಳದೆ ಹೊರಗಿನದನ್ನು ದೂರಬೇಕು. ಮೊಟ್ಟೆ ಕೆಟ್ಟಿತ್ತು, ಸಾಕಲು ತಂದ ಎಳೆ ಹುಳುವಿನಲ್ಲೇ, ಚಾಕಿಯಲ್ಲೇ, ರೋಗವಿತ್ತು ಎಂದುಕೊಂಡರೆ ಮನಸ್ಸು ಹಗುರ.

ರೇಷ್ಮೆ ಬೆಳೆಗಾರ, ಚಿಂತಾಮಣಿ

ಅಕ್ಕ, ಸತ್ತ ಹುಳುಗಳನ್ನು ತಿಪ್ಪೆಗೆ ಹಾಕಿದಿರಾ? ಹಾಲುತೊಂಡೆ ಹುಳುವಿನ ಮೈಯಿಂದ ಸೋರುವ ಬಿಳಿ ರಸದಲ್ಲೇ ರೋಗವಿರುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಬೇಕಿತ್ತು. ಹುಳು ಮನೆ, ತಟ್ಟೆ, ಚಂದ್ರಿಕೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯದೆ ಮುಂದಿನ ಬೆಳೆ ಇಡಬೇಡಿ. ಮನಸ್ಸಿನ ವಿಷಯ ನನಗೆ ತಿಳಿಯದು, ಕಾರಣ ಮಾತ್ರ ಇದೇ ಇರಬೇಕು.

ಆಪ್ತಸಮಾಲೋಚಕಿ

ಮೇಷ್ಟ್ರೇ, ನಿಮ್ಮ ಮಾತು ಅರ್ಧ ಸರಿ. ಮೊಟ್ಟೆ ನಿಜವಾಗಿಯೂ ಕೆಟ್ಟಿದ್ದರೆ ಹಾಗೆಂದು ಹೇಳಲೇಬೇಕು. ಕೆಡದಿದ್ದರೂ ಹಾಗೆ ಹೇಳಿಕೊಂಡರೆ ಹುಳು ಮನೆ ತೊಳೆಯದೆಯೇ ಉಳಿಯುತ್ತದೆ, ಮುಂದಿನ ಬೆಳೆಯೂ ಹೋಗುತ್ತದೆ. ಚಿಂತಾಮಣಿಯವರು ಪ್ರಶ್ನೆಯನ್ನು ಬೇರೆಯಾಗಿ ಅರ್ಥ ಮಾಡಿಕೊಂಡರೂ ನನಗಿಂತ ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ‘ಈ ಸಲ ಸರಿಯಾಗಿ ತೊಳೆಯಲಿಲ್ಲ’ ಎಂಬುದೂ ತಪ್ಪನ್ನು ತನ್ನ ಮೇಲೆ ಹೊತ್ತುಕೊಳ್ಳುವ ಮಾತೇ. ಆದರೆ ಅದು ಈ ಸಲಕ್ಕೆ, ಈ ಹುಳು ಮನೆಗೆ ಮಾತ್ರ ಅಂಟಿದೆ. ತೊಳೆಯದ ತಟ್ಟೆಗೆ ಮದ್ದಿದೆ, ಕೈಗುಣಕ್ಕೆ ಏನು ಮದ್ದು ಹುಡುಕುತ್ತೀರಿ?

ಪಿಯು ವಿದ್ಯಾರ್ಥಿನಿ, ತುಮಕೂರು

ನನ್ನದೂ ಇದೇ ಕಥೆ. ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ ಹನ್ನೊಂದು ಅಂಕ ಬಂದಾಗ ‘ನಾನು ದಡ್ಡಿ’ ಎಂದುಕೊಂಡೆ. ಅದೇ ವಾರ ಕನ್ನಡದಲ್ಲೂ ಕಡಿಮೆ ಬಂತು. ನಮ್ಮ ಅಜ್ಜಿ ಮಾತ್ರ “ನಿನಗೆ ಗ್ರಹಚಾರ ಸರಿಯಿಲ್ಲ, ಶನಿ ಬಿಟ್ಟ ಮೇಲೆ ಸರಿಹೋಗುತ್ತದೆ” ಎನ್ನುತ್ತಾರೆ. ಇದೂ ಹಾಗೆಯೇ ಅಲ್ಲವೇ ಮೇಡಂ?

ಆಪ್ತಸಮಾಲೋಚಕಿ

ಕನ್ನಡದಲ್ಲಿ ಕಡಿಮೆ ಬಂದದ್ದೇ ಹರಡುವಿಕೆ. ದಡ್ಡಿಯಾದವಳು ಕನ್ನಡಕ್ಕೆ ತಾನೇ ಯಾಕೆ ಓದುತ್ತಾಳೆ?

ನಿಮ್ಮ ಅಜ್ಜಿಯ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ‘ಹಣೆಬರಹ’ ಎಂದರೆ ಅಳಿಸಲಾಗದ್ದು. ‘ಗ್ರಹಚಾರ’ಕ್ಕೆ ಕೊನೆಯಿದೆ. ಸಾಡೇಸಾತಿಯೂ ಏಳೂವರೆ ವರ್ಷಕ್ಕೆ ಮುಗಿಯುತ್ತದೆ. ಕಾಲದ ಲೆಕ್ಕದಲ್ಲಿ ಅಜ್ಜಿ ಆಶಾವಾದಿಯೇ. ಆದರೆ ಶನಿ ಬಿಡುವವರೆಗೆ ನೀವು ಮಾಡಬೇಕಾದದ್ದೇನೂ ಉಳಿಯುವುದಿಲ್ಲ. ಇಂತಹ ನಂಬಿಕೆ ಒಬ್ಬರನ್ನು ಹಿಡಿದು ನಿಲ್ಲಿಸುವುದನ್ನೂ ಇನ್ನೊಬ್ಬರನ್ನು ಕೈಕಟ್ಟಿ ಕೂರಿಸುವುದನ್ನೂ ನೋಡಿದ್ದೇನೆ. ಒಂದೇ ತೀರ್ಪು ಕೊಡಲಾರೆ.

ಶಿಡ್ಲಘಟ್ಟದ ಸದಸ್ಯೆ (ನಾಲ್ಕು ದಿನಗಳ ನಂತರ)

ಚೀಟಿ ತೆಗೆಸಿದೆ. ಎರಡು ವರ್ಷದಲ್ಲಿ ಒಂಬತ್ತು ಬೆಳೆ, ಹೋದದ್ದು ಎರಡು. ಎರಡೂ ಬಿಸಿಲು ಕಾಲದಲ್ಲಿ. “ಏಳು ಬಂದಿವೆಯಾ?” ಎಂದು ಅವರೇ ಕೇಳಿದರು. ಸಾವಿನ ಮಾತಿಲ್ಲ, ಊಟ ಮಾಡುತ್ತಿದ್ದಾರೆ. ಆದರೂ ಹುಳು ಮನೆಯ ಬಾಗಿಲು ತೆರೆಯುತ್ತಿಲ್ಲ. ಭಾವನವರು, “ಧೈರ್ಯ ಮಾಡು, ಸಾಲ ತಂದು ಇನ್ನೂರು ಮೊಟ್ಟೆ ಇಡು, ಹೋದದ್ದನ್ನು ಒಂದೇ ಸಲಕ್ಕೆ ಎಳೆದುಕೋ” ಎನ್ನುತ್ತಿದ್ದಾರೆ.

ಆಪ್ತಸಮಾಲೋಚಕಿ

ಲೆಕ್ಕ ಬಾಯಿ ಕಟ್ಟಿಸುತ್ತದೆ, ಕಾಲು ಎತ್ತಿಸುವುದಿಲ್ಲ. 1967ರಲ್ಲಿ ಸೆಲಿಗ್‌ಮನ್, ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು (ಓದಿದರೆ ಹೊಟ್ಟೆ ಹಿಂಡುತ್ತದೆ). ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ತಿಂದ ನಾಯಿಗಳಲ್ಲಿ ಹೆಚ್ಚಿನವು, ಮರುದಿನ ತಗ್ಗಾದ ಅಡ್ಡಗೋಡೆ ಹಾರಿದರೆ ಸಾಕೆಂಬ ಪೆಟ್ಟಿಗೆಯಲ್ಲೂ ಮುದುರಿ ಕುಳಿತವು. ಆಮೇಲೆ ಅವುಗಳನ್ನು ಹಗ್ಗ ಹಿಡಿದು ಆಚೆ ಬದಿಗೆ ಮತ್ತೆ ಮತ್ತೆ ಎಳೆದಾಗ, ಕೊನೆಗೆ ತಾವೇ ಹಾರತೊಡಗಿದವು. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅದೇ ಇಬ್ಬರು ‘ನಾಯಿಗಳು ಅಸಹಾಯಕತೆಯನ್ನು ಕಲಿತವು’ ಎಂಬ ತಮ್ಮ ಸಿದ್ಧಾಂತವನ್ನು ತಿರುಗಿಸಿ ಬರೆದರು: ಅಸಹಾಯಕತೆಯನ್ನು ಯಾರೂ ಕಲಿಯುವುದಿಲ್ಲ, ತೀರದ ಹೊಡೆತಕ್ಕೆ ಮೈ ತಾನಾಗಿಯೇ ಮುದುರುತ್ತದೆ. ಕಲಿಯಬೇಕಾದದ್ದು, ನನ್ನ ಕೈಯಿಂದ ಏನಾದರೂ ಬದಲಾಗುತ್ತದೆ ಎಂಬುದನ್ನು.

ಆದ್ದರಿಂದ ಮೊದಲು ಬಾಗಿಲು ತೆರೆಸಿ, ತಟ್ಟೆ ತೊಳೆಯಲು ಜೊತೆಗೆ ನಿಲ್ಲಿ. ಬೆಳೆಯ ಮಾತು ಆಮೇಲೆ.

ನಿಮ್ಮ ಭಾವನವರ ಧೈರ್ಯಕ್ಕೆ ನನ್ನ ಒಪ್ಪಿಗೆಯಿಲ್ಲ. ಸೋತರೆ ಕಳೆಯುವುದು ಸ್ವಲ್ಪವೇ ಆಗಿದ್ದರೆ ಆಶಾವಾದ ಸರಿ. ಸೋತರೆ ಮನೆ ಮುಳುಗುವಂತಿದ್ದರೆ ಆ ತೀರ್ಮಾನವನ್ನು ನಿರಾಶಾವಾದಿಯ ಕಣ್ಣಿಂದಲೇ ನೋಡಬೇಕೆಂದು ಸೆಲಿಗ್‌ಮನ್ ಅವರೇ ಹೇಳುತ್ತಾರೆ. ಎಷ್ಟು ಮೊಟ್ಟೆ ಇಡಬೇಕೆಂದು ಹೇಳುವವಳು ನಾನಲ್ಲ.

ರೇಷ್ಮೆ ಬೆಳೆಗಾರ, ಚಿಂತಾಮಣಿ

ಐವತ್ತು ಇಡಿ ಅಕ್ಕ. ಅದೂ ಮಳೆ ಬಿದ್ದು ತಂಪಾದ ಮೇಲೆ.

ನಿವೃತ್ತ ಶಿಕ್ಷಕರು, ಗೌರಿಬಿದನೂರು

ಮೊಟ್ಟೆಯ ಮೇಲೆ ನನಗೆ ಈಗಲೂ ಅನುಮಾನವಿದೆ.

ಶಿಡ್ಲಘಟ್ಟದ ಸದಸ್ಯೆ

ಮೇಷ್ಟ್ರೇ, ಅದೇ ಚಾಕಿಯನ್ನು ಪಕ್ಕದ ಮನೆಯವರೂ ತಂದಿದ್ದರು. ಅವರ ಬೆಳೆ ಚೆನ್ನಾಗಿ ಬಂತು. ಇದನ್ನು ಯಜಮಾನರಿಗೆ ಹೇಳಲೋ ಬೇಡವೋ ತಿಳಿಯುತ್ತಿಲ್ಲ.