ಶೆಡ್ಡಿನ ಕಬ್ಬಿಣ: ನನ್ನ ಲೆಕ್ಕ 410 ಕೆಜಿ, ಕಾಟಾ ಚೀಟಿ 360

ಭೋಸರಿ_ಶೆಡ್: ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಮನೆ ಹಿಂದೆ ಸಣ್ಣ ಶೆಡ್ ಹಾಕಿಸ್ತಾ ಇದ್ದೇನೆ. 50×50×6 ಆಂಗಲ್ 60 ಮೀಟರ್, 100×50 ಚಾನೆಲ್ 12 ಮೀಟರ್, ಕಂಬದಡಿಗೆ 200×200×10 ಪ್ಲೇಟ್ ನಾಲ್ಕು ತರಿಸಿದೆ. ಆಂಗಲ್‌ನ ಎರಡೂ ಕಾಲು ಕೂಡಿಸಿ ಲೆಕ್ಕ ಹಾಕಿದೆ, ಚಾನೆಲ್‌ಗೆ ಟೇಬಲ್‌ನ 9.56 ಹಿಡಿದೆ:

```
ಆಂಗಲ್   (50+50) × 6 × 0.00785 × 60 = 282.6
ಚಾನೆಲ್  9.56 × 12                  = 114.7
ಪ್ಲೇಟ್   4 × 3.14                   = 12.6
```

ಆದರೆ ಟೆಂಪೋ ತೂಕ ಹಾಕಿದ ಕಾಟಾದಲ್ಲಿ 360 ಬಂತು. 50 ಕೆಜಿ ಎಲ್ಲಿ ಹೋಯ್ತು?

ಮಾಪುಸಾ_ವೆಲ್ಡಿಂಗ್: ಬಿಲ್ ಕೆಜಿ ಲೆಕ್ಕದಲ್ಲಿ ತಾನೇ? ತೂಕ ಕಡಿಮೆ ಬಂದ್ರೆ ದುಡ್ಡೂ ಕಡಿಮೆ. ಸುಮ್ನೆ ತಲೆ ಕೆಡಿಸ್ಕೋಬೇಡಿ.

ಥಾಣೆ_ಫ್ಯಾಬ್ರಿಕೇಟರ್: ದುಡ್ಡಿನ ಮಟ್ಟಿಗೆ ಅದು ಸರಿ. ಆದರೆ ಶೆಡ್ ನಿಲ್ಲೋದು ದಪ್ಪದ ಮೇಲೆ, ಅಲ್ವಾ? ಮೊದಲು ನಿಮ್ಮ ಲೆಕ್ಕ ನೋಡೋಣ. ಆ ಸೂತ್ರ ಪಟ್ಟಿಗೆ, ಪ್ಲೇಟಿಗೆ ಚೆನ್ನಾಗಿ ಒಪ್ಪುತ್ತದೆ, 50×6 ಪಟ್ಟಿ ಮೀಟರಿಗೆ 2.36 ಕೆಜಿ ಅಂತ ಕಣ್ಣುಮುಚ್ಚಿ ಹೇಳಬಹುದು. ಆಂಗಲ್‌ನಲ್ಲಿ ಎರಡು ಕಾಲು ಸೇರುವ ಮೂಲೆಯನ್ನು ನೀವು ಎರಡು ಸಲ ಎಣಿಸಿದ್ದೀರಿ. ಅದು ತೆಗೆದರೆ 4.43, ಒಳಮೂಲೆಯ ದುಂಡು ತುಂಬಿರುವುದರಿಂದ ಟೇಬಲ್‌ನಲ್ಲಿ 4.5. ಹಾಗಾಗಿ 60 ಮೀಟರಿಗೆ 270. ಇಷ್ಟಾದರೂ 37 ಕೆಜಿ ಕಡಿಮೆ. ರೋಲಿಂಗ್‌ನಲ್ಲಿ ಸ್ವಲ್ಪ ಆಚೀಚೆ ಆಗೋದುಂಟು, ಇಷ್ಟಲ್ಲ.

ಎರಡು ಅನುಮಾನ. ಆಂಗಲ್ 5 ಎಂಎಂ ಇರಬಹುದು, ಅದು ಮೀಟರಿಗೆ 3.8. ಇಲ್ಲಾ ಚಾನೆಲ್ ಹಗುರದ್ದು. ಐಎಸ್‌ಎಂಸಿ 100, ಐಎಸ್‌ಎಲ್‌ಸಿ 100 ಎರಡೂ 100×50 ಅಂತಲೇ ಮಾರಾಟ ಆಗುತ್ತವೆ, ಎರಡನೆಯದು ಮೀಟರಿಗೆ 7.9 ಮಾತ್ರ. ಆಂಗಲ್ ತುಂಡೊಂದನ್ನು ಸರಿಯಾಗಿ ಒಂದು ಮೀಟರ್ ಕತ್ತರಿಸಿ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ತೂಗಿ. ವರ್ನಿಯರ್ ಇದ್ದರೆ ಕಾಲಿನ ನಡುವೆ ಹಿಡಿಯಿರಿ. ಮೂಲೆ ಹತ್ತಿರ ಹಿಡಿದರೆ ದಪ್ಪ ಜಾಸ್ತಿ ತೋರಿಸುತ್ತದೆ.

ಕಾರವಾರದ_ಹುಡುಗ: ನಾನು ವಾಸ್ಕೋದಲ್ಲಿರೋದು. ನಮ್ಮ ಶೆಡ್ಡಿಗೆ ತಗಡು 0.5 ಎಂಎಂ ಹಾಕ್ಲಾ? ಸಮುದ್ರದ ಗಾಳಿಗೆ ಬೇಗ ತುಕ್ಕು ಹಿಡೀತದೆ.

ಭೋಸರಿ_ಶೆಡ್: ತೂಗಿದೆ. ಒಂದು ಮೀಟರ್ ಆಂಗಲ್ 3 ಕೆಜಿ 820 ಗ್ರಾಂ. ವರ್ನಿಯರ್‌ನಲ್ಲಿ 5.1. ಚೀಟಿಯಲ್ಲಿ 6 ಅಂತಲೇ ಬರೆದಿದ್ದಾರೆ, ಬಹಳ ಬೇಜಾರಾಯ್ತು.

ಥಾಣೆ_ಫ್ಯಾಬ್ರಿಕೇಟರ್: ಹಾಗಿದ್ರೆ 3.8ರಂತೆ ಆಂಗಲ್ 228, ಒಟ್ಟು 355. ಕಾಟಾ 10 ಕೆಜಿ ಹೆಜ್ಜೆಯಲ್ಲಿ ತೋರಿಸುತ್ತದೆ, ತುಂಬಿದ ಗಾಡಿ, ಖಾಲಿ ಗಾಡಿ ಎರಡು ಸಲ ತೂಗಿರುತ್ತಾರೆ, ಆದ್ದರಿಂದ 360 ಸರಿಹೋಗುತ್ತದೆ. ಚಾನೆಲ್ ಹಗುರದ್ದಾಗಿದ್ದರೆ 335 ಆಸುಪಾಸು ಇರಬೇಕಿತ್ತು. ಆದರೂ ಚಾನೆಲ್ ಕತ್ತರಿಸುವಾಗ ಒಂದು ತುಂಡು ತೂಗಿಬಿಡಿ.

ಭೋಸರಿ_ಶೆಡ್: ಸರಿ ಅಣ್ಣಾ. ಪರ್ಲಿನ್‌ಗೆ ಈ 5 ಎಂಎಂ ಸಾಕಾಗತ್ತಾ, ವಾಪಸ್ ಕಳಿಸಲಾ?

ಥಾಣೆ_ಫ್ಯಾಬ್ರಿಕೇಟರ್: ಕಂಬದಿಂದ ಕಂಬಕ್ಕೆ ಎಷ್ಟು ಮೀಟರ್, ಪರ್ಲಿನ್‌ಗಳ ನಡುವೆ ಎಷ್ಟು ಅಂತರ ಹೇಳಿ. ಅದಿಲ್ಲದೆ ಹೇಳೋಕಾಗಲ್ಲ. ಅಲ್ಲಿವರೆಗೆ ಉಳಿದದ್ದು ಕತ್ತರಿಸಬೇಡಿ, ಕತ್ತರಿಸಿದ ಮಾಲು ಅಂಗಡಿಯವರು ತಗೊಳ್ಳಲ್ಲ.