ಅಪ್‌ಡೇಟ್: ಲೈಟ್‌ಹೌಸ್ ಉಳಿಯಿತು, ತಲೆಗಳೂ ಉಳಿದವು

ನನ್ನ ಪ್ರಶ್ನೆ: "ಒಂಬತ್ತು ಜನರ ಗ್ರೂಪ್ ಫೋಟೋದಲ್ಲಿ ಎಲ್ಲರೂ ಚಿಕ್ಕದಾಗಿ ಕಾಣುತ್ತಾರೆ. ಕ್ರಾಪ್ ಮಾಡಿದರೆ ತಲೆ ಹೋಗುತ್ತದೆ, ಇಲ್ಲಾಂದ್ರೆ ಎಡಗಡೆ ಹಿಂದಿರುವ ಲೈಟ್‌ಹೌಸ್ ಹೋಗುತ್ತದೆ. ಏನು ಮಾಡಲಿ?"

ನೀವೆಲ್ಲ ಹೇಳಿದ ಹಾಗೆ ಮೊದಲು ಅನುಪಾತದ ಲಾಕ್ ತೆಗೆದೆ. ತೊಂದರೆ ಅಲ್ಲೇ ಇತ್ತು. 3:2 ಲಾಕ್ ಇದ್ದಾಗ ಬಲಗಡೆ ಎಷ್ಟು ಕತ್ತರಿಸಿದರೂ ಎತ್ತರವೂ ಜೊತೆಗೇ ಕಡಿಮೆಯಾಗುತ್ತಿತ್ತು.

ಈಗ ಕೆಳಗಿನಿಂದ ಶುರು ಮಾಡಿದೆ. ಮುಂದೆ ಸುಮ್ನೆ ಮರಳು ತುಂಬಿತ್ತು, ಅದು ಹೋಯಿತು. ಅಂಚನ್ನು ಮೊಣಕಾಲಿನ ಮೇಲೆ, ತೊಡೆಯ ನಡುವೆ ನಿಲ್ಲಿಸಿದೆ. ಸರಿಯಾಗಿ ಮೊಣಕಾಲಲ್ಲೋ ಪಾದದ ಗಂಟಲ್ಲೋ ಕತ್ತರಿಸಿದರೆ ಕಾಲು ತುಂಡಾದ ಹಾಗೆ ಕಾಣುತ್ತದೆ. ಮೇಲಿನ ಗಡಿಯನ್ನು ಲೈಟ್‌ಹೌಸ್ ತುದಿಯೇ ತೀರ್ಮಾನಿಸಿತು. ಅದರ ಮೇಲೆ ಸ್ವಲ್ಪ ಆಕಾಶ ಬಿಟ್ಟರೆ ತಲೆಗಳ ಚಿಂತೆಯೇ ಇಲ್ಲ. ಬಲಗಡೆ ಕೊನೆಯವರ ಭುಜದಾಚೆ ಒಂದು ಭುಜದಷ್ಟು ಜಾಗ ಉಳಿಸಿದೆ. 6000×4000 ಇದ್ದದ್ದು 4800×2700 ಆಯಿತು, ಅಂದರೆ 16:9. ಮುಖಗಳು ಈಗ ತಕ್ಷಣ ಕಣ್ಣಿಗೆ ಬೀಳುತ್ತವೆ. ಹಿಂದಿನ ಸಾಲಿನ ಒಬ್ಬರು ಮಸುಕಾಗಿಯೇ ಇದ್ದಾರೆ. ಕ್ರಾಪ್ ಅದನ್ನು ಸರಿಮಾಡುವುದಿಲ್ಲ, ಅಲ್ವಾ!

ಪ್ರಿಂಟ್ ಹಾಕಿಸುವವರು ಒಂದು ವಿಷಯ ನೋಡಿಕೊಳ್ಳಿ. 6×4 ಇಂಚಿನ ಕಾಗದ 3:2. ಅದನ್ನು ತುಂಬಿಸಲು ಹೋದರೆ ಈ ಫೋಟೋದ ಅಗಲದಲ್ಲಿ 750 ಪಿಕ್ಸೆಲ್ ಹೋಗುತ್ತದೆ. ಲೈಟ್‌ಹೌಸ್ ಅಥವಾ ಕೊನೆಯವರು ಹೊರಗೆ! ಅದಕ್ಕೇ ಮೂಲ ಫೈಲ್‌ನಿಂದ ಪಾದಗಳೂ ಪೂರ್ತಿ ಕಾಣುವ 4800×3200ರ ಇನ್ನೊಂದು ಪ್ರತಿ ಮಾಡಿ ಕಳಿಸಿದೆ.